ಚಿಕ್ಕ ಎಣ್ಣೆ ಗಿರಣಿಯ ಬೆಲೆ

ಒಂದು ಚಿಕ್ಕ ಎಣ್ಣೆ ಗಿರಣಿಯ ಕಂಪನಿಯು ಖರ್ಚು, ತೆರಿಗೆ, ಯಂತ್ರಗಳ ದುರಸ್ತಿ ಎಲ್ಲವನ್ನೂ ಕಳೆದು ವರ್ಷಕ್ಕೆ 1 ಲಕ್ಷ ರೂಪಾಯಿ ಉಳಿಸುತ್ತದೆಯೆಂದು ಭಾವಿಸೋಣ. ಅದರ ಬೆಲೆಯೆಷ್ಟು? ಮುಂದೆ ಬರುವ ಹಣಕ್ಕೆ ಕೈಯಲ್ಲಿರುವ ಹಣದಷ್ಟು ಬೆಲೆಯಿಲ್ಲ. ಶೇಕಡಾ 12ರಂತೆ ವಟಾವು ಹಿಡಿದರೆ ಬರುವ ವರ್ಷದ 1 ಲಕ್ಷವು ಇಂದಿನ 89,000 ರೂಪಾಯಿಗೆ ಸಮ. ಐದನೆಯ ವರ್ಷದ್ದು 57,000ಕ್ಕೆ. ಐದು ವರ್ಷಗಳದನ್ನೂ ಹೀಗೆ ಇಳಿಸಿ ಕೂಡಿಸಿದರೆ 3.6 ಲಕ್ಷ.

ಆದರೆ ಗಿರಣಿಯು ಐದೇ ವರ್ಷಕ್ಕೆ ನಿಲ್ಲುವುದಿಲ್ಲ. ಆರನೆಯ ವರ್ಷದಿಂದ ಉಳಿತಾಯವು ಶೇಕಡಾ 4ರಂತೆ ಸದಾ ಬೆಳೆಯುವುದೆಂದು ಎಣಿಸಿದರೆ, ಆ ವರ್ಷದ 1,04,000ವನ್ನು 12ಕ್ಕೂ 4ಕ್ಕೂ ಇರುವ ಅಂತರವಾದ ಶೇಕಡಾ 8ರಿಂದ ಭಾಗಿಸಬೇಕು. ಬರುವುದು 13 ಲಕ್ಷ, ಇದೇ ಅಂತ್ಯಮೌಲ್ಯ. ಇಂದಿನ ಲೆಕ್ಕಕ್ಕೆ ಇಳಿಸಿದರೆ 7.4 ಲಕ್ಷ. ಒಟ್ಟು ಬೆಲೆ 11 ಲಕ್ಷ. ಅದರ ಮೂರರಲ್ಲಿ ಎರಡು ಪಾಲು ಐದನೆಯ ವರ್ಷದ ಆಚೆಯದು! ಏಕೆಂದರೆ ಆಚೆಗಿರುವ ವರ್ಷಗಳಿಗೆ ಕೊನೆಯಿಲ್ಲ.

ಇನ್ನು 4ರ ಬದಲು 5 ಎಂದು ಬರೆದು ನೋಡಿರಿ. ಅಂತರವು 7ಕ್ಕೆ ಇಳಿದು ಅಂತ್ಯಮೌಲ್ಯವು 15 ಲಕ್ಷವಾಗುತ್ತದೆ. ಐದು ವರ್ಷಗಳಲ್ಲಿ ಒಂದು ಹನಿ ಎಣ್ಣೆಯೂ ಹೆಚ್ಚದೆ ಒಟ್ಟು ಬೆಲೆ 12 ಲಕ್ಷವನ್ನು ದಾಟುತ್ತದೆ. ಆದುದರಿಂದ ಪಾಲು ಕೊಳ್ಳುವವರು ಮೊದಲು ಆ ಬೆಳವಣಿಗೆಯ ಅಂಕೆಯನ್ನು ಕೇಳಬೇಕು. 13 ಲಕ್ಷವೆಂದರೆ ಒಂದು ವರ್ಷದ ಉಳಿತಾಯದ 13 ಪಟ್ಟು. ಐದು ವರ್ಷಗಳ ಬಳಿಕ ಅಷ್ಟು ಕೊಟ್ಟು ಆ ಗಿರಣಿಯನ್ನು ಕೊಳ್ಳುವವರುಂಟೆ?