‘ನಿನ್ನೆ ಏನೇನು ಮಾಡಿದಿರಿ, ಮೇಡಂ?’

ಶಿಕ್ಷಕರ ಕೆಲಸದ ಹೊರೆಯ ಬಗ್ಗೆ ಸಮೀಕ್ಷೆ ಮಾಡಹೊರಟವರು ಸಾಮಾನ್ಯವಾಗಿ ಮೊದಲು ಬರೆಯುವ ಪ್ರಶ್ನೆ ಇದು: ‘ಬೋಧಕೇತರ ಕೆಲಸಗಳಿಂದ ನಿಮ್ಮ ಪಾಠಕ್ಕೆ ತೊಂದರೆಯಾಗುತ್ತಿದೆಯೇ? ಹೌದು/ಇಲ್ಲ.’ ಇದಕ್ಕೆ ‘ಇಲ್ಲ’ ಎನ್ನುವ ಮೇಷ್ಟರು ಸಿಗುವುದು ಕಷ್ಟ. ಆ ‘ಹೌದು’ ನಿಜವೇ ಇರಬಹುದು, ಆದರೆ ಅದರಿಂದ ಎಷ್ಟು ಹೊತ್ತು ಹೋಯಿತು, ಯಾವ ಕೆಲಸಕ್ಕೆ ಹೋಯಿತು, ಯಾರ ಪಾಠ ತಪ್ಪಿತು ಎಂಬುದೊಂದೂ ತಿಳಿಯುವುದಿಲ್ಲ. ಶಿಕ್ಷಣ ಇಲಾಖೆಯ ಮುಂದೆ ಇಡಲು ಬೇಕಾಗಿರುವುದು ಈ ವಿವರಗಳೇ. ಹಾಗಾಗಿ ತಾಲ್ಲೂಕು ಮಟ್ಟದ ಶಿಕ್ಷಕರ ಸಂಘವೋ ಎಂ.ಎಡ್. ವಿದ್ಯಾರ್ಥಿಯೋ ಇಂಥ ಸಣ್ಣ ಅಧ್ಯಯನಕ್ಕೆ ಕೈ ಹಾಕುವಾಗ ಪ್ರಶ್ನಾವಳಿ ಹೇಗಿರಬೇಕು ಎಂಬುದನ್ನು ಒಂದು ಕಲ್ಪಿತ ತಾಲ್ಲೂಕಿನ ಉದಾಹರಣೆಯ ಮೂಲಕ ನೋಡೋಣ. ಅಲ್ಲಿನ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ 300 ಶಿಕ್ಷಕರಿದ್ದಾರೆ, ನಮಗೆ ಮಾತಾಡಿಸಲು ಸಾಧ್ಯವಿರುವುದು 40 ಮಂದಿಯನ್ನು ಎಂದಿಟ್ಟುಕೊಳ್ಳಿ.

ಹೊರೆ ಎಂದರೆ ಯಾವುದು ಎಂಬುದನ್ನು ಮೊದಲು ಗೊತ್ತು ಮಾಡಿಕೊಳ್ಳಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆ ಇಲ್ಲಿ ಕೈ ಹಿಡಿಯುತ್ತದೆ. ಅದರ ಅನುಸೂಚಿಯ ಪ್ರಕಾರ ಶಿಕ್ಷಕರ ಕೆಲಸ ವಾರಕ್ಕೆ ಕನಿಷ್ಠ 45 ಗಂಟೆ, ಪಾಠದ ಪೂರ್ವತಯಾರಿಯೂ ಅದರಲ್ಲೇ ಸೇರಿದೆ. ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆ ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ನಿಯೋಜಿಸಬಾರದು ಎನ್ನುತ್ತದೆ 27ನೇ ಸೆಕ್ಷನ್. ಪಾಠ, ಪೂರ್ವತಯಾರಿ ಮತ್ತು ಮೌಲ್ಯಮಾಪನ ಒಂದು ಗುಂಪು, ಕಾಯ್ದೆ ಒಪ್ಪುವ ಈ ಮೂರು ಕೆಲಸ ಇನ್ನೊಂದು, ಬಿಸಿಯೂಟದ ಲೆಕ್ಕ, ಎಸ್‌ಎಟಿಎಸ್ ನಮೂದು, ವಾಟ್ಸಾಪಿನಲ್ಲಿ ಕೇಳುವ ತುರ್ತು ಮಾಹಿತಿಯಂಥ ಉಳಿದದ್ದು ಮತ್ತೊಂದು. ಈ ವಿಂಗಡಣೆ ಪ್ರಶ್ನಾವಳಿಯಲ್ಲಿ ಮೊದಲೇ ಇದ್ದರೆ ಕೊನೆಗೆ ಬರುವ ಅಂಕಿಯನ್ನು ಕಾಯ್ದೆಯ ಪಕ್ಕದಲ್ಲಿಟ್ಟು ನೋಡಬಹುದು.

ಇನ್ನು ಕೇಳುವ ಬಗೆ. ‘ಸಾಮಾನ್ಯವಾಗಿ ದಿನಕ್ಕೆ ಎಷ್ಟು ಹೊತ್ತು ದಾಖಲೆ ಬರೆಯುತ್ತೀರಿ?’ ಎಂದರೆ ಉತ್ತರಿಸುವವರು ನೆನಪಿನಲ್ಲಿ ಉಳಿದ ಅತಿ ಕೆಟ್ಟ ದಿನವನ್ನು ಹೇಳಿಬಿಡುತ್ತಾರೆ. ಅದರ ಬದಲು ಶಾಲೆ ನಡೆದ ಕಡೆಯ ದಿನವನ್ನು ಹಿಡಿದು, ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ಅರ್ಧ ಗಂಟೆಗೊಂದು ಸಾಲಿನಂತೆ ತುಂಬಿಸಬೇಕು. ಒಂದೊಂದು ಸಾಲಿನಲ್ಲೂ ಎರಡು ಮನೆ: ‘ಮುಖ್ಯವಾಗಿ ಮಾಡಿದ್ದು’ ಮತ್ತು ‘ಜೊತೆಗೆ ಮಾಡಿದ್ದು’. ನಲಿ-ಕಲಿ ತರಗತಿಯ ಶಿಕ್ಷಕಿಯೊಬ್ಬರ ಹಾಳೆ ಹೀಗಿರಬಹುದು: 10.30ರಿಂದ 11ರವರೆಗೆ ಮುಖ್ಯ ಕೆಲಸ ಮಕ್ಕಳ ಕಾರ್ಡು ನೋಡುವುದು, ಜೊತೆಗೆ ಮೊಬೈಲಿನಲ್ಲಿ ಹಾಜರಾತಿ ಕಳಿಸುವುದು. 11ರ ಸಾಲಿನಲ್ಲಿ ಅದು ತಿರುವುಮುರುವು: ಮುಖ್ಯ ಕೆಲಸ ಸಿಆರ್‌ಪಿ ಕೇಳಿದ ಪಟ್ಟಿ, ಜೊತೆಗೆ ತರಗತಿ. ವೇಳಾಪಟ್ಟಿಯಲ್ಲಿ ಈ ಒಂದು ಗಂಟೆಯೂ ಪಾಠವೇ. ಎರಡನೇ ಮನೆ ಇಲ್ಲದ ಪ್ರಶ್ನಾವಳಿಯಲ್ಲಿ ಆ ಶಿಕ್ಷಕಿ ಒಂದೋ ಇಡೀ ಗಂಟೆ ಪಾಠ ಮಾಡಿದರು ಎಂದಾಗುತ್ತದೆ, ಇಲ್ಲವೇ ಎರಡನ್ನೂ ಕೂಡಿಸಿ ದಿನಕ್ಕೆ 27 ಗಂಟೆ ಬರುತ್ತದೆ. ಮೊತ್ತ 24 ದಾಟಿದ ಹಾಳೆ ಕಂಡರೆ ತಪ್ಪು ಶಿಕ್ಷಕರದ್ದಲ್ಲ, ಪ್ರಶ್ನೆಯದ್ದು ಎಂದು ತಿಳಿಯಬೇಕು. ‘ಬಿಸಿಯೂಟ ಹಾಗೂ ದಾಖಲೆಗೆ ಎಷ್ಟು ಸಮಯ?’ ಎಂದು ಎರಡನ್ನು ಒಂದೇ ಪ್ರಶ್ನೆಯಲ್ಲಿ ಕಟ್ಟುವುದೂ ಇಂಥದ್ದೇ ತಪ್ಪು.

ಕರಡನ್ನು ಆಯ್ದ 40 ಮಂದಿಗೆ ಕೊಡುವ ಮೊದಲು ಪಕ್ಕದ ತಾಲ್ಲೂಕಿನ ನಾಲ್ಕೈದು ಶಿಕ್ಷಕರ ಎದುರು ಕೂತು ತುಂಬಿಸಿ ನೋಡಬೇಕು. ಎಲ್ಲಿ ಪೆನ್ನು ನಿಲ್ಲುತ್ತದೆ, ಎಲ್ಲಿ ‘ಇದು ಯಾವುದರಲ್ಲಿ ಬರುತ್ತೆ ಸರ್?’ ಎಂದು ಕೇಳುತ್ತಾರೆ ಎಂಬುದನ್ನು ಗುರುತು ಹಾಕಿಕೊಂಡು ಆ ಜಾಗಗಳನ್ನು ತಿದ್ದಿದರೆ ಸಾಕು.

ಹಾಳೆ ಎಷ್ಟು ಹೊತ್ತು ಎಂದು ಹೇಳುತ್ತದೆ, ಹೇಗೆ ಮತ್ತು ಏಕೆ ಎಂಬುದಕ್ಕೆ ಸಂದರ್ಶನ ಬೇಕು. ಎಂಟು ಮಂದಿ ಸಾಕು, ಆದರೆ ಪರಿಚಯದವರನ್ನು ಆರಿಸುವುದಲ್ಲ. ತುಂಬಿ ಬಂದ ಹಾಳೆಗಳಲ್ಲಿ ತೀರಾ ಹೆಚ್ಚು ಹೊರೆ ಕಂಡವರು, ತೀರಾ ಕಡಿಮೆ ಕಂಡವರು, ಲೆಕ್ಕಕ್ಕೆ ಸಿಗದವರು, ಹೀಗೆ ಬೇರೆ ಬೇರೆ ಬಗೆಯವರನ್ನು ಆರಿಸಬೇಕು. ಕಡಿಮೆ ಹೊರೆಯವರನ್ನು ಮರೆಯಬಾರದು. ಮುಖ್ಯಶಿಕ್ಷಕರು ಅಲ್ಲಿ ಕೆಲಸವನ್ನು ಹೇಗೆ ಹಂಚಿದ್ದಾರೆ ಎಂಬ ಪಾಠ ಅವರಿಂದಲೇ ಸಿಗುತ್ತದೆ. ಸಂದರ್ಶನದ ಮಾರ್ಗದರ್ಶಿಯಲ್ಲಿ ಐದಾರು ಪ್ರಶ್ನೆಗಿಂತ ಹೆಚ್ಚು ಬೇಡ. ಮೊದಲನೆಯದು ಅವರದೇ ಹಾಳೆ ಮುಂದಿಟ್ಟು ಕೇಳುವಂಥದ್ದು: ‘ಮೇಡಂ, ಈ 11 ಗಂಟೆಯ ಸಾಲಿನಲ್ಲಿ ಏನಾಯಿತು, ಸ್ವಲ್ಪ ಬಿಡಿಸಿ ಹೇಳ್ತೀರಾ?’ ಆಮೇಲೆ: ‘ಈ ತಿಂಗಳಲ್ಲಿ ಪಾಠ ಅರ್ಧಕ್ಕೇ ಬಿಟ್ಟು ಏಳಬೇಕಾದ ಒಂದು ಸಂದರ್ಭ ಹೇಳಿ.’ ಪ್ರತಿ ಪ್ರಶ್ನೆಯ ಕೆಳಗೆ ಉಪಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳಬೇಕು: ಕೆಲಸ ಹೇಳಿದವರು ಯಾರು, ಎಷ್ಟು ಹೊತ್ತಿನೊಳಗೆ ಬೇಕೆಂದರು, ಆಗ ಮಕ್ಕಳು ಏನು ಮಾಡುತ್ತಿದ್ದರು. ಈ ಕಡೆಯ ಉಪಪ್ರಶ್ನೆಯನ್ನು ಯಾವ ಕಾರಣಕ್ಕೂ ಬಿಡಬಾರದು, ಹೊರೆ ಕೊನೆಗೆ ಯಾರ ತಲೆಯ ಮೇಲೆ ಬೀಳುತ್ತದೆ ಎಂಬುದು ಅಲ್ಲಿಯೇ ಗೊತ್ತಾಗುವುದು. ಎಂಟರಲ್ಲಿ ಆರು ಮಂದಿ ಒಂದೇ ಮಾತು ಹೇಳಿದರೂ ‘ಶೇ 75’ ಎಂದು ಬರೆಯಬಾರದು. ಬೇಕೆಂದೇ ಆರಿಸಿದವರಿಗೆ ಶೇಕಡಾ ಲೆಕ್ಕ ಹೊಂದುವುದಿಲ್ಲ.

ಈಗ ಆ 40 ಮಂದಿಯ ವಿಷಯ. ಗೂಗಲ್ ಫಾರ್ಮ್ ಮಾಡಿ ವಾಟ್ಸಾಪ್ ಗುಂಪಿಗೆ ಹಾಕಿದರೆ ಕೆಲಸದಲ್ಲಿ ಮುಳುಗಿದವರು ಅದನ್ನು ತೆರೆಯುವುದೇ ಇಲ್ಲ, ಕೋಪ ಬಂದವರು ಮೊದಲು ತುಂಬುತ್ತಾರೆ. ಸಿಆರ್‌ಪಿ ಮೂಲಕ ಹಂಚಿದರೆ ಮೇಲಿನವರು ಓದುತ್ತಾರೆಂಬ ಅಳುಕು. ಆದ್ದರಿಂದ 300 ಹೆಸರುಗಳ ಪಟ್ಟಿಯಿಂದ ಚೀಟಿ ಎತ್ತಿ ಆರಿಸಿ, ನಾವೇ ಹೋಗಿ ಕಾಣಬೇಕು, ಸಿಗದವರು ಎಷ್ಟು ಎಂದು ಬರೆದಿಡಬೇಕು. ಹೀಗೆ ಆರಿಸಿದ 40ರಲ್ಲಿ 24 ಮಂದಿ, ಅಂದರೆ ಶೇ 60ರಷ್ಟು ಶಿಕ್ಷಕರು ಶಾಲೆಯ ಕೆಲಸವನ್ನು ಮನೆಗೆ ಒಯ್ದಿದ್ದಾರೆ ಎಂದಿಟ್ಟುಕೊಳ್ಳಿ. ಇಡೀ ತಾಲ್ಲೂಕಿನಲ್ಲಿ ಇದು ಶೇ 60 ಎಂದು ಹೇಳುವಂತಿಲ್ಲ. ಸಂಖ್ಯಾಶಾಸ್ತ್ರದ ಮಾಮೂಲಿ ಲೆಕ್ಕದಲ್ಲಿ ಅದು ಸುಮಾರು 46ರಿಂದ 74ರ ನಡುವೆ ಎಲ್ಲಾದರೂ ಇರಬಹುದು. ಮುಂದಿನ ವರ್ಷ ಇನ್ನೊಂದು 40 ಮಂದಿಯಲ್ಲಿ ಶೇ 52 ಬಂದರೆ ಹೊರೆ ಇಳಿಯಿತು ಎಂದು ಇಲಾಖೆಯೂ ಹೇಳುವಂತಿಲ್ಲ.

ಇನ್ನೊಂದು ತೊಡಕಿದೆ. ಒಬ್ಬರೋ ಇಬ್ಬರೋ ಶಿಕ್ಷಕರಿರುವ ಶಾಲೆಗಳಲ್ಲಿ 90 ಮಂದಿ, ದೊಡ್ಡ ಶಾಲೆಗಳಲ್ಲಿ 210 ಮಂದಿ ಇದ್ದಾರೆನ್ನಿ. ಚೀಟಿಯಲ್ಲಿ ಸಣ್ಣ ಶಾಲೆಯವರು ಹನ್ನೆರಡರ ಆಸುಪಾಸಿನಲ್ಲಿ ಮಾತ್ರ ಬರುತ್ತಾರೆ. ಅವರ ಪಾಡು ಸರಿಯಾಗಿ ತಿಳಿಯಬೇಕೆಂದರೆ ಎರಡು ಪಟ್ಟಿಗಳಿಂದ ತಲಾ 20 ಚೀಟಿ ಎತ್ತುವುದು ಒಳ್ಳೆಯದು. ಆದರೆ ಆಗ ಸರಾಸರಿ ತೆಗೆಯುವಾಗ ಎಚ್ಚರ ಬೇಕು. ದಾಖಲೆ ಕೆಲಸಕ್ಕೆ ಸಣ್ಣ ಶಾಲೆಯಲ್ಲಿ ದಿನಕ್ಕೆ 3 ಗಂಟೆ, ದೊಡ್ಡ ಶಾಲೆಯಲ್ಲಿ 1 ಗಂಟೆ ಬಂದರೆ ತಾಲ್ಲೂಕಿನ ಸರಾಸರಿ 2 ಗಂಟೆಯಲ್ಲ. ಸಣ್ಣ ಶಾಲೆಯವರು ನೂರಕ್ಕೆ 30, ದೊಡ್ಡ ಶಾಲೆಯವರು 70 ಎಂದು ತೂಕ ಕೊಟ್ಟರೆ ಸಿಗುವುದು 1.6 ಗಂಟೆ, ಅಂದರೆ 1 ಗಂಟೆ 36 ನಿಮಿಷ.

ಶಿಕ್ಷಕರಂತೆ ದಿನಗಳನ್ನೂ ಆರಿಸಬೇಕು ಎಂಬುದು ಬಹಳ ಮಂದಿಗೆ ಹೊಳೆಯುವುದಿಲ್ಲ. ಎಲ್ಲರನ್ನೂ ಶನಿವಾರದ ಅರ್ಧ ದಿನದ ಬಗ್ಗೆಯೇ ಕೇಳಿದರೆ ಹೊರೆ ಮಾಯವಾಗುತ್ತದೆ. ಭೇಟಿಗಳನ್ನು ವಾರದ ಎಲ್ಲ ದಿನಗಳಿಗೂ ಹಂಚಬೇಕು. ಆದರೂ ನವೆಂಬರಿನಲ್ಲಿ ಮಾಡಿದ ಅಧ್ಯಯನ ಜೂನ್ ತಿಂಗಳ ದಾಖಲಾತಿಯ ಗಡಿಬಿಡಿಯನ್ನಾಗಲೀ ಪರೀಕ್ಷೆಯ ದಿನಗಳನ್ನಾಗಲೀ ಹೇಳಲಾರದು.

ಹೆಸರು ಗುಟ್ಟಾಗಿಡುತ್ತೇವೆ ಎಂದು ಮಾತು ಕೊಟ್ಟ ಮೇಲೆ ವರದಿಯಲ್ಲಿ ‘ಇಂಥ ಕ್ಲಸ್ಟರಿನ ಏಕೋಪಾಧ್ಯಾಯ ಶಾಲೆಯ ಶಿಕ್ಷಕಿ’ ಎಂದು ಬರೆಯುವುದುಂಟು. ಆ ಕ್ಲಸ್ಟರಿನಲ್ಲಿ ಅಂಥದ್ದು ಒಂದೇ ಶಾಲೆಯಿದ್ದರೆ ಹೆಸರು ಬರೆದಂತೆಯೇ ಆಯಿತು. ಊರು, ಕ್ಲಸ್ಟರು ಎರಡನ್ನೂ ತೆಗೆದುಹಾಕಿ.

ಅಧ್ಯಯನ ಮಾಡುವವರಲ್ಲಿ ಒಂದು ಮನವಿ: ಒಂದು ತಾಲ್ಲೂಕು, 40 ಶಿಕ್ಷಕರು, ಇಂಥ ತಿಂಗಳು, ಇಷ್ಟು ಮಂದಿ ಸಿಗಲಿಲ್ಲ ಎಂಬುದನ್ನು ವರದಿಯ ಮೊದಲ ಪುಟದಲ್ಲೇ ಅಚ್ಚು ಹಾಕಿಸಿ. ‘ರಾಜ್ಯದ ಶಿಕ್ಷಕರು’ ಎಂದು ಎಲ್ಲೂ ಬರೆಯಬೇಡಿ.