ಬೌನ್ಸರ್ ಬೆನ್ನಿಗೇ ಯಾರ್ಕರ್

ಪಿಚ್‌ನ ಮಧ್ಯಭಾಗದಲ್ಲಿ ಕುಕ್ಕಿದ ಬೌನ್ಸರ್ ಬ್ಯಾಟ್ಸ್‌ಮನ್‌ನ ಭುಜ ಇಲ್ಲವೇ ತಲೆಯ ಎತ್ತರಕ್ಕೆ ಪುಟಿಯುತ್ತದೆ. ದೇಹದ ನೇರಕ್ಕೆ ಬಂದರೆ ಬಾಗುವುದು, ಆಫ್‌ಸ್ಟಂಪ್‌ನ ಆಚೆಗಿದ್ದರೆ ಬಿಟ್ಟುಬಿಡುವುದು ಕ್ಷೇಮ. ಆದರೆ ಮತ್ತೊಂದು ಬೌನ್ಸರ್ ನಿರೀಕ್ಷಿಸಿ ಭಾರವನ್ನು ಹಿಂಗಾಲಿಗೆ ಸರಿಸಿದವನಿಗೆ ಕಾಲ್ಬೆರಳ ಬಳಿ ಬೀಳುವ ಯಾರ್ಕರ್ ಮಾರಕ. ಗಂಟೆಗೆ 145 ಕಿ.ಮೀ. ವೇಗದ ಚೆಂಡು ಅರ್ಧ ಸೆಕೆಂಡಿನೊಳಗೇ ತಲುಪುವುದರಿಂದ ಬ್ಯಾಟ್ ಕೆಳಗಿಳಿಯುವುದು ತಡವಾಗುತ್ತದೆ.

ಬೌನ್ಸರ್‌ನ ನೆರವು ಇರಲೇಬೇಕೆಂದೇನೂ ಇಲ್ಲ. 1999ರ ಫೆಬ್ರುವರಿಯಲ್ಲಿ ಕೋಲ್ಕತ್ತದ ಈಡನ್ ಗಾರ್ಡನ್ಸ್ ಟೆಸ್ಟ್‌ನಲ್ಲಿ ಪಾಕಿಸ್ತಾನದ ಶೋಯಬ್ ಅಖ್ತರ್ ಸತತ ಎರಡು ಯಾರ್ಕರ್‌ಗಳಲ್ಲಿ ರಾಹುಲ್ ದ್ರಾವಿಡ್ ಹಾಗೂ ಸಚಿನ್ ತೆಂಡೂಲ್ಕರ್ ಅವರನ್ನು ಬೌಲ್ಡ್ ಮಾಡಿದರು. ಸಚಿನ್ ಅವರಿಗೆ ಅದು ಇನಿಂಗ್ಸ್‌ನ ಮೊದಲ ಚೆಂಡು.

ಲೆಂಗ್ತ್ ತುಸು ತಪ್ಪಿದರೂ ಯಾರ್ಕರ್ ಫುಲ್‌ಟಾಸ್ ಅಥವಾ ಹಾಫ್‌ವಾಲಿಯಾಗಿ ಬೌಂಡರಿ ಸೇರುತ್ತದೆ. ಇದನ್ನರಿತ ಬ್ಯಾಟ್ಸ್‌ಮನ್ ಕ್ರೀಸ್‌ನ ಆಳಕ್ಕೆ ಸರಿದು, ನಿಖರ ಯಾರ್ಕರನ್ನೂ ಹಾಫ್‌ವಾಲಿಯಾಗಿಸಿಕೊಳ್ಳಲು ಯತ್ನಿಸುತ್ತಾನೆ.