ರೊಟ್ಟಿ ಉಬ್ಬುವ ಮೊದಲೋ, ಉಬ್ಬಿದ ಮೇಲೋ?

ಹೆಂಚಿನ ಮೇಲೆ ಜೋಳದ ರೊಟ್ಟಿ ಬಿದ್ದಿದೆ. ಒದ್ದೆ ಬಟ್ಟೆಯಿಂದ ನೀರು ಸವರಿಯಾಯಿತು, ತಿರುವಿ ಹಾಕಿಯಾಯಿತು, ಇನ್ನೇನು ಉಬ್ಬಬೇಕು. ಅಷ್ಟರಲ್ಲಿ ಮಾತು ಬರುತ್ತದೆ: ‘ಇನ್ನೂ ನಮ್ಮ ಚಾನೆಲ್ ಸಬ್‌ಸ್ಕ್ರೈಬ್ ಮಾಡಿಲ್ಲ ಅಂದ್ರೆ ಈಗಲೇ ಮಾಡ್ಕೊಳ್ಳಿ, ಬೆಲ್ ಐಕಾನ್ ಒತ್ತಿ, ಜೋಳದ ಹಿಟ್ಟಿನ ಲಿಂಕ್ ಡಿಸ್ಕ್ರಿಪ್ಷನ್‌ನಲ್ಲಿದೆ.’

ಕನ್ನಡದಲ್ಲಿ ಯೂಟ್ಯೂಬ್ ನೋಡುವವರಿಗೆಲ್ಲ ಈ ಮಾತು ಬಾಯಿಪಾಠ. ಕೆಲವರು ಇದನ್ನು ನಮಸ್ಕಾರದ ಜೊತೆಗೇ ಹೇಳಿಬಿಡುತ್ತಾರೆ, ಕೆಲವರು ನಡುವೆ ಸೇರಿಸುತ್ತಾರೆ, ಕೆಲವರು ಕೊನೆಗೆ ಉಳಿಸಿಕೊಳ್ಳುತ್ತಾರೆ. ಯಾವಾಗ ಕೇಳಿದರೆ ಜನ ನಿಜಕ್ಕೂ ಬಟನ್ ಒತ್ತುತ್ತಾರೆ ಎಂಬುದನ್ನು ಊಹೆಗೆ ಬಿಡಬೇಕಾಗಿಲ್ಲ, ಅಳೆಯಬಹುದು. ಆದರೆ ಅಳೆಯುವಾಗ ಯಾವ ಸಂಖ್ಯೆಯಿಂದ ಭಾಗಿಸುತ್ತೇವೆ ಎಂಬುದರ ಮೇಲೆ ಉತ್ತರವೇ ತಿರುಗಿ ನಿಲ್ಲುತ್ತದೆ.

ಒಂದು ವಿಡಿಯೊದಿಂದ ಎಷ್ಟು ಸಬ್‌ಸ್ಕ್ರೈಬರ್‌ಗಳು ಬಂದರು ಎಂಬುದನ್ನು ಯೂಟ್ಯೂಬ್ ಸ್ಟುಡಿಯೊ ತೋರಿಸುತ್ತದೆ. ವಿಡಿಯೊದ ಎಷ್ಟನೇ ಸೆಕೆಂಡಿನಲ್ಲಿ ಅವರು ಒತ್ತಿದರು ಎಂಬುದನ್ನು ತೋರಿಸುವುದಿಲ್ಲ. ಹಾಗಾಗಿ ಒಂದೇ ವಿಡಿಯೊವನ್ನು ಎಷ್ಟು ಜಾಲಾಡಿದರೂ ಉತ್ತರ ಸಿಗದು. ಹೆಚ್ಚುಕಡಿಮೆ ಒಂದೇ ಬಗೆಯ, ಒಂದೇ ಉದ್ದದ ಹಲವು ವಿಡಿಯೊ ಮಾಡಿ, ಒಂದೊಂದರಲ್ಲಿ ಒಂದೊಂದು ಕಡೆ ಮಾತ್ರ ಕೇಳಿ ಹೋಲಿಸಬೇಕು. ಯಾವುದರಲ್ಲಿ ಎಲ್ಲಿ ಕೇಳಬೇಕು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸುವುದು ಒಳ್ಳೆಯದು. ಇಲ್ಲದಿದ್ದರೆ ಚೆನ್ನಾಗಿ ಬಂದ ವಿಡಿಯೊದಲ್ಲಿ ನಮಗೆ ಇಷ್ಟವಾದ ಜಾಗವನ್ನೇ ಆರಿಸಿಕೊಂಡುಬಿಡುತ್ತೇವೆ, ವಿಡಿಯೊದ ಗುಣ ಜಾಗದ ಲೆಕ್ಕಕ್ಕೆ ಸೇರಿಹೋಗುತ್ತದೆ.

ಲೆಕ್ಕ ಕಣ್ಣಿಗೆ ಕಾಣಲೆಂದು ಒಂದಿಷ್ಟು ಅಂಕಿ ಇಟ್ಟುಕೊಳ್ಳೋಣ. ಇವು ಯಾವುದೇ ಚಾನೆಲ್‌ನವಲ್ಲ. ಎಂಟು ನಿಮಿಷದ ಮೂರು ರೊಟ್ಟಿ ವಿಡಿಯೊಗಳು, ಪ್ರತಿಯೊಂದಕ್ಕೂ 10,000 ವೀಕ್ಷಣೆ. ಮೊದಲನೆಯದರಲ್ಲಿ 20ನೇ ಸೆಕೆಂಡಿಗೇ ಕೇಳಿದರು, 36 ಜನ ಸಬ್‌ಸ್ಕ್ರೈಬ್ ಆದರು. ಎರಡನೆಯದರಲ್ಲಿ ರೊಟ್ಟಿ ಉಬ್ಬಿದ ಮೇಲೆ, 5:20ಕ್ಕೆ ಕೇಳಿದರು, 60 ಜನ. ಮೂರನೆಯದರಲ್ಲಿ ಮುಗಿಯುವ ಹೊತ್ತಿಗೆ, 7:40ಕ್ಕೆ ಕೇಳಿದರು, 48 ಜನ. ನಡುವೆ ಕೇಳಿದ್ದೇ ಗೆದ್ದಂತೆ ಕಾಣುತ್ತದೆ.

ಆದರೆ ಕೇಳಿದ ಮಾತು ಎಷ್ಟು ಜನರ ಕಿವಿಗೆ ಬಿತ್ತು? ಇದಕ್ಕೆ ಸ್ಟುಡಿಯೊದಲ್ಲಿ ಆಡಿಯನ್ಸ್ ರಿಟೆನ್ಷನ್ ಗ್ರಾಫ್ ಇದೆ. ವಿಡಿಯೊದ ಯಾವ ಹೊತ್ತಿನಲ್ಲಿ ಶೇಕಡಾ ಎಷ್ಟು ಮಂದಿ ನೋಡುತ್ತಿದ್ದರು ಎಂದು ಅದು ಗೆರೆ ಎಳೆದು ತೋರಿಸುತ್ತದೆ. ನಮ್ಮ ಉದಾಹರಣೆಯಲ್ಲಿ 20ನೇ ಸೆಕೆಂಡಿಗೆ 7,200 ಮಂದಿ ಇದ್ದರು, 5:20ಕ್ಕೆ 4,000, 7:40ಕ್ಕೆ 2,400 ಎಂದುಕೊಳ್ಳಿ. ಮಾತು ಕೇಳಿಸಿಕೊಂಡವರಲ್ಲಿ ಒತ್ತಿದವರೆಷ್ಟು ಎಂದು ಭಾಗಿಸಿದರೆ ಕ್ರಮವಾಗಿ ಶೇ. 0.5, ಶೇ. 1.5, ಶೇ. 2. ಈಗ ಕೊನೆಯದೇ ಮುಂದೆ ಬಂತು!

ಈ ಗೆರೆಯನ್ನು ಓದುವಾಗ ಎಚ್ಚರ ಬೇಕು. ರೊಟ್ಟಿ ಪುಗ್ಗೆಯಂತೆ ಉಬ್ಬುವ ಕ್ಷಣದಲ್ಲಿ ಗೆರೆ ತಟ್ಟನೆ ಮೇಲೇಳಬಹುದು. ಅಲ್ಲಿ ಹೊಸಬರೇನೂ ಕೂಡಿಕೊಂಡಿಲ್ಲ, ಇದ್ದವರೇ ಹಿಂದಕ್ಕೆ ಸರಿಸಿ ಮತ್ತೆ ನೋಡಿದ್ದಾರೆ. ಆ ಗುಡ್ಡದ ತುದಿಯ ಅಂಕಿಯಿಂದ ಭಾಗಿಸಿದರೆ ಕೇಳಿಸಿಕೊಂಡವರ ಲೆಕ್ಕ ಹಿಗ್ಗಿ, ದರ ಕುಗ್ಗಿ ಕಾಣುತ್ತದೆ. ಗುಡ್ಡದ ಆಚೀಚೆಯ ಸಮತಟ್ಟಿನ ಅಂಕಿಯನ್ನೇ ಹಿಡಿಯಬೇಕು.

ಬಹಳ ಜನ ಶೇ. 2 ಬಂದ ಕೂಡಲೇ ಲೆಕ್ಕ ನಿಲ್ಲಿಸಿ, ಇನ್ನು ಮೇಲೆ ಕೊನೆಯಲ್ಲೇ ಕೇಳೋಣ ಎಂದು ತೀರ್ಮಾನಿಸಿಬಿಡುತ್ತಾರೆ. ಇದು ಅವಸರದ ತೀರ್ಮಾನ. ಕೊನೆಯವರೆಗೆ ಕೂತವರಿಗೆ ರೊಟ್ಟಿ ಬಡಿಯುವ ಆ ಕೈಯ ಹದ ಮೊದಲೇ ಹಿಡಿಸಿದೆ. ಅವರಲ್ಲಿ ಕೆಲವರು ಕೇಳದಿದ್ದರೂ ಒತ್ತುತ್ತಿದ್ದರು. ಅದಕ್ಕೇ ಏನನ್ನೂ ಕೇಳದ ವಿಡಿಯೊಗಳನ್ನೂ ಪರೀಕ್ಷೆಯಲ್ಲಿ ಸೇರಿಸಬೇಕು. ಅಂಥದ್ದೊಂದರಲ್ಲಿ 10,000 ವೀಕ್ಷಣೆಗೆ 30 ಜನ ತಾವಾಗಿಯೇ ಬಂದರು ಎನ್ನೋಣ. ಈ 30ನ್ನು ಮೂರರಿಂದಲೂ ಕಳೆಯಿರಿ. ಶುರುವಿನಲ್ಲಿ ಕೇಳಿದ್ದರಿಂದ ಬಂದವರು ಬರೀ 6, ನಡುವೆ ಕೇಳಿದ್ದರಿಂದ 30, ಕೊನೆಯಲ್ಲಿ 18. ಈಗ ಕೇಳಿಸಿಕೊಂಡವರ ಸಂಖ್ಯೆಯಿಂದ ಭಾಗಿಸಿ ನೋಡಿ: 4,000ಕ್ಕೆ 30 ಅಂದರೂ ಶೇ. 0.75, 2,400ಕ್ಕೆ 18 ಅಂದರೂ ಶೇ. 0.75. ಕೊನೆಯ ಜಾಗದ ಮಹಿಮೆ ಕರಗಿಹೋಯಿತು. ಎರಡು ಕಡೆಯೂ ಮಾತಿನ ಬಲ ಒಂದೇ, ನಡುವೆ ಕೇಳುವ ಕಿವಿಗಳು ಹೆಚ್ಚಿದ್ದವು, ಅಷ್ಟೇ. ಶುರುವಿನ ಕೋರಿಕೆ ಮಾತ್ರ ಹೆಚ್ಚೇನೂ ತರಲಿಲ್ಲ. ಇನ್ನೂ ಹಿಟ್ಟನ್ನೇ ತೋರಿಸದವರಿಗೆ ಯಾರು ತಾನೇ ಚಂದಾದಾರರಾಗುತ್ತಾರೆ?

ಇಷ್ಟು ಸಣ್ಣ ಅಂಕಿಗಳನ್ನು ಎಷ್ಟು ನಂಬಬಹುದು ಎಂಬುದಕ್ಕೆ ಸರಳವಾದ ಅಳತೆಯೊಂದಿದೆ. ವೀಕ್ಷಣೆ ಸಮನಾಗಿದ್ದರೆ, ಎರಡೂ ಎಣಿಕೆಗಳನ್ನು ಕೂಡಿಸಿ ವರ್ಗಮೂಲ ತೆಗೆದು ಎರಡರಿಂದ ಗುಣಿಸಿ. ವ್ಯತ್ಯಾಸ ಅದನ್ನು ದಾಟದಿದ್ದರೆ ಆಕಸ್ಮಿಕವೂ ಇರಬಹುದು. 60 ಮತ್ತು 30 ಕೂಡಿದರೆ 90, ವರ್ಗಮೂಲ ಸುಮಾರು 9.5, ಅದರ ಎರಡರಷ್ಟು 19. ನಮ್ಮ ವ್ಯತ್ಯಾಸ 30, ದಾಟಿತು. 60 ಮತ್ತು 48ರ ನಡುವಿನ ವ್ಯತ್ಯಾಸ 12 ಮಾತ್ರ, ದಾಟಬೇಕಿದ್ದದ್ದು ಸುಮಾರು 21. ನಡುವೆ ಕೇಳುವುದು ಕೊನೆಯಲ್ಲಿ ಕೇಳುವುದಕ್ಕಿಂತ ಮೇಲು ಎನ್ನಲು ಇನ್ನೂ ಹಲವು ವಿಡಿಯೊಗಳ ಎಣಿಕೆ ಕೂಡಬೇಕು.

ಲಿಂಕಿನ ವಿಷಯದಲ್ಲಿ ಅನುಕೂಲ ಸ್ವಲ್ಪ ಹೆಚ್ಚು. ಹಿಟ್ಟು ಮಾರುವ ಜಾಲತಾಣ ನಿಮ್ಮದೇ ಆಗಿದ್ದರೆ, ಡಿಸ್ಕ್ರಿಪ್ಷನ್‌ನಲ್ಲಿ ಹಾಕುವ ವಿಳಾಸಕ್ಕೆ ಇಂಥದ್ದೊಂದು ಬಾಲ ಸೇರಿಸಬಹುದು:

```
?utm_source=youtube&utm_medium=video&utm_campaign=rotti&utm_content=0520
```

ಕೊನೆಯ 0520 ಎಂಬುದು ಕೇಳಿದ ಹೊತ್ತಿನ ಗುರುತು. ಮುಂದಿನ ವಿಡಿಯೊದಲ್ಲಿ 20ನೇ ಸೆಕೆಂಡಿಗೆ ಕೇಳಿದರೆ ಅಲ್ಲಿ 0020 ಎಂದಾಗುತ್ತದೆ. ಎಷ್ಟು ಮಂದಿ ಯಾವ ಬಾಲ ಹಿಡಿದು ಬಂದರು ಎಂಬುದು ಜಾಲತಾಣದ ಅಂಕಿಅಂಶಗಳಲ್ಲಿ ಬೇರೆ ಬೇರೆಯಾಗಿ ಬೀಳುತ್ತದೆ. ಒಂದೇ ವಿಡಿಯೊದ ಕೆಳಗೆ ಮೂರು ಹೊತ್ತಿಗೆ ಮೂರು ಲಿಂಕ್ ಹಾಕುವುದರಲ್ಲಿ ಅರ್ಥವಿಲ್ಲ. ಯಾವಾಗ ಕೇಳಿದ್ದರೂ ಜನ ಒತ್ತುವುದು ಎಲ್ಲಕ್ಕಿಂತ ಮೇಲಿರುವುದನ್ನೇ.

ಪರದೆಯ ಮೂಲೆಯಲ್ಲಿ ತೇಲಿಬರುವ ಕಾರ್ಡ್‌ಗಳದ್ದು ಬೇರೆ ಕಥೆ. ಒಮ್ಮೆ ಏರಿಸಿದ ವಿಡಿಯೊದಲ್ಲಿ ಆಡಿದ ಮಾತನ್ನು ಇನ್ನೊಂದು ನಿಮಿಷಕ್ಕೆ ಸರಿಸಲಾಗದು, ಕಾರ್ಡನ್ನು ಯಾವಾಗ ಬೇಕಾದರೂ ಸರಿಸಬಹುದು. ಹಾಗೆಂದು ಮೊದಲ ವಾರ ಒಂದು ಕಡೆ, ಎರಡನೇ ವಾರ ಇನ್ನೊಂದು ಕಡೆ ಇಟ್ಟು ಹೋಲಿಸಬೇಡಿ. ಮೊದಲ ವಾರ ಬರುವವರಲ್ಲಿ ಹಳೆಯ ಚಂದಾದಾರರು ಹೆಚ್ಚು, ಆಮೇಲೆ ಬರುವವರಲ್ಲಿ ಹುಡುಕಿಕೊಂಡು ಬಂದವರು ಹೆಚ್ಚು. ಮೊದಲ ಭರಾಟೆ ಇಳಿದ ಮೇಲೆ ದಿನ ಬಿಟ್ಟು ದಿನ ಜಾಗ ಬದಲಿಸಿದರೆ ಹೋಲಿಕೆಗೆ ಬೆಲೆ ಬರುತ್ತದೆ.

ಇನ್ನು ಕೋರಿಕೆಯಿಂದ ಕಳೆದುಕೊಂಡದ್ದೆಷ್ಟು ಎಂಬುದು. ಏನೂ ಕೇಳದ ವಿಡಿಯೊದಲ್ಲಿ 5:20ರಿಂದ 5:40ರೊಳಗೆ ಗೆರೆ ಶೇ. 40ರಿಂದ 39ಕ್ಕೆ ಇಳಿಯುತ್ತದೆ, ಕೇಳಿದ ವಿಡಿಯೊದಲ್ಲಿ 36ಕ್ಕೆ ಇಳಿಯುತ್ತದೆ ಎಂದುಕೊಳ್ಳಿ. ಹೆಚ್ಚಾಗಿ ಇಳಿದ ಮೂರು ಪಾಲೆಂದರೆ 10,000ಕ್ಕೆ 300 ಮಂದಿ. 30 ಜನರನ್ನು ಪಡೆಯಲು 300 ಜನರನ್ನು ಕಳೆದುಕೊಂಡೆವೇ? ಅದು ಗೊತ್ತಾಗಬೇಕಾದರೆ ಗೆರೆಯನ್ನು 6ನೇ ನಿಮಿಷದವರೆಗೂ ನೋಡಬೇಕು. ಕೋರಿಕೆ ಮುಗಿಯುತ್ತಲೇ ಗೆರೆ ಮತ್ತೆ 39ರ ಸುತ್ತ ಏರಿದರೆ, ಆ ಜನ ಪರದೆಯನ್ನು ಎರಡು ಬಾರಿ ತಟ್ಟಿ ನಿಮ್ಮ ಮಾತನ್ನಷ್ಟೇ ದಾಟಿಸಿಕೊಂಡಿದ್ದಾರೆ, ಎಣ್ಣೆಗಾಯಿ ನೋಡಲು ಉಳಿದಿದ್ದಾರೆ. ಏರದೆ 36ರಲ್ಲೇ ಮುಂದುವರಿದರೆ ಅವರು ಎದ್ದು ಹೋಗಿದ್ದಾರೆ. ಆಗ ಅದೇ ಕೋರಿಕೆಯನ್ನು ಇಪ್ಪತ್ತು ಸೆಕೆಂಡಿನಿಂದ ಆರು ಸೆಕೆಂಡಿಗೆ ಇಳಿಸಿ, ರೊಟ್ಟಿಯನ್ನು ಬುಟ್ಟಿಗೆ ಹಾಕುತ್ತಲೇ ಹೇಳಿ, ಮುಂದಿನ ವಿಡಿಯೊದಲ್ಲಿ ಅದೇ ನಿಮಿಷದ ಗೆರೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.